ಪದಚರ್ಚೆ: ‘ಹಕ್ಕಿನೋಟ’ದ ಕ್ಯಾಮೆರಾದಲ್ಲಿ ‘ಡೊಂಕು’ ಎಂದರೆ ಯಾವ ಡೊಂಕು?

ಕೈಪಿಡಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪುಟದ ಮುಂದೆ ಮೂರು ದಿನದಿಂದ ಕೂತಿದ್ದೇನೆ. ಕಾರಿಗೆ ನಾಲ್ಕು ಕ್ಯಾಮೆರಾ ಇರುತ್ತವಲ್ಲ, ಮುಂದಿನ ಗ್ರಿಲ್‌ನಲ್ಲಿ ಒಂದು, ಹಿಂದೆ ನಂಬರ್ ಪ್ಲೇಟಿನ ಮೇಲೆ ಒಂದು, ಪಕ್ಕದ ಕನ್ನಡಿಗಳ ಕೆಳಗೆ ಒಂದೊಂದು. ಆ ನಾಲ್ಕರ ಚಿತ್ರ ಸೇರಿಸಿ, ಕಾರನ್ನು ಮೇಲಿನಿಂದ ನೋಡಿದ ಹಾಗೆ ಪರದೆಯಲ್ಲಿ ತೋರಿಸುತ್ತಾರೆ. ಪುಟ ಇರುವುದು ಅದರ ಬಗ್ಗೆ.

ನನಗೆ ಮೂರು ಪದ ಬೇಕು. ಬರ್ಡ್ಸ್ ಐ ವ್ಯೂ, ಸ್ಟಿಚಿಂಗ್, ಡಿಸ್ಟಾರ್ಷನ್. ಮೊದಲನೆಯದಕ್ಕೆ ‘ಹಕ್ಕಿನೋಟ’, ಎರಡನೆಯದಕ್ಕೆ ‘ಹೊಲಿಗೆ’ ಅಂತ ಹಾಕಿದ್ದೇನೆ. ತಲೆನೋವು ಮೂರನೆಯದು. “ಕಾರಿನ ಅಂಚಿನ ಹತ್ತಿರ ಚಿತ್ರ ಡೊಂಕಾಗಿ ಕಾಣಬಹುದು” ಎಂದು ಬರೆದೆ. ನನ್ನ ತಮ್ಮನ ಹತ್ತಿರ ಇಂಥದ್ದೇ ಕಾರಿದೆ, ಅವನಿಗೆ ಓದಿ ಹೇಳಿದರೆ “ಡೊಂಕೆಲ್ಲಿದೆ ಅಕ್ಕ, ಪಾರ್ಕಿಂಗ್ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿರುತ್ತದೆ” ಅಂದ. ಹಾಗಾದರೆ ಕೈಪಿಡಿ ಎಚ್ಚರಿಸುತ್ತಿರುವುದು ಯಾವುದರ ಬಗ್ಗೆ?

ನಿವೃತ್ತ ಮೇಷ್ಟ್ರು:

‘ವಿಹಂಗಮ ನೋಟ’ ಎಂಬ ಚೆಂದದ ಮಾತು ಇರುವಾಗ ಬೇರೆ ಹುಡುಕಾಟ ಯಾಕಮ್ಮಾ? ಮದುವೆ ಮನೆಯಲ್ಲಿ ಮೇಲೆ ಹಾರುತ್ತಾ ಚಿತ್ರ ತೆಗೆಯುವ ಯಂತ್ರಕ್ಕೂ ಇದೇ ಪದ ಹೊಂದುತ್ತದೆ. ಕಾರಿನ ಮೇಲೆ ಅದನ್ನು ಹಾರಿಸಲು ಅನುಮತಿ ಬೇಕಲ್ಲವೇ ಎಂಬುದು ಮಾತ್ರ ನನ್ನ ಸಂದೇಹ.

ಕೈಪಿಡಿ ಅಕ್ಕ:

ಮೇಷ್ಟ್ರೇ, ಡ್ರೋನ್ ಅಲ್ಲ, ಮೇಲೆ ಏನೂ ಹಾರುವುದಿಲ್ಲ. ನಾಲ್ಕೂ ಕ್ಯಾಮೆರಾ ಕಾರಿನ ಮೈಗೇ ಅಂಟಿಕೊಂಡಿವೆ, ಯಾವುದೂ ಎದೆಮಟ್ಟಕ್ಕಿಂತ ಮೇಲಿಲ್ಲ. ಪರದೆಯ ನಡುವೆ ಕಾಣುವ ಕಾರು ಕೂಡ ಮೊದಲೇ ಬರೆದಿಟ್ಟ ಚಿತ್ರವಂತೆ. ಇನ್ನು ‘ವಿಹಂಗಮ ನೋಟ’ ಅಂದರೆ ಜನ ನಂದಿಬೆಟ್ಟದಿಂದ ಊರು ನೋಡುವುದು ಅಂದುಕೊಳ್ಳುತ್ತಾರೆ.

ಹುಬ್ಬಳ್ಳಿ ಡ್ರೈವರ್:

ಅಕ್ಕಾರ, ನಮ್ಮ ಸ್ಟ್ಯಾಂಡಿನಲ್ಲಿ ಯಾರೂ ಹಕ್ಕಿ ಪಕ್ಕಿ ಅನ್ನುವುದಿಲ್ಲ. ‘ತ್ರೀ ಸಿಕ್ಸ್ಟಿ’ ಅಂತೀವಿ, ಮುಗೀತು. ಪದ ನೀವೇ ನೋಡಿಕೊಳ್ಳಿ, ನನ್ನ ಕಥೆ ಕೇಳಿ. ಹೋದ ತಿಂಗಳು ಮಾರ್ಕೆಟ್ ಹತ್ತಿರ ರಿವರ್ಸ್ ತೆಗೆಯುತ್ತಿದ್ದೆ. ಹಿಂದೆ ಒಂದು ಲಗೇಜ್ ಆಟೋ ನಿಂತಿತ್ತು, ಅದರ ಹಿಂದಿನ ಹಲಗೆಯನ್ನು ಇಳಿಸಿ ಅಡ್ಡಡ್ಡ ಚಾಚಿ ಬಿಟ್ಟಿದ್ದರು. ಪರದೆಯಲ್ಲಿ ನೋಡಿದರೆ ಒಂದೂವರೆ ಮೀಟರಿಗಿಂತ ಜಾಸ್ತಿ ಖಾಲಿ ನೆಲ, ಕಲ್ಲು ಕಸ ಎಲ್ಲ ಸ್ಪಷ್ಟ. ಸೆನ್ಸರ್ ಕೀಂ ಅಂತ ಕೂಗುತ್ತಿತ್ತು, ಇದು ಸುಮ್ನೆ ಕೂಗ್ತದ ಅಂತ ಬಿಟ್ಟೆ. ಹಲಗೆ ಡಿಕ್ಕಿ ಬಾಗಿಲಿಗೆ ನಾಟಿತು. ಓನರ್ ಬೈದದ್ದು ಬೇರೆ ಮಾತು. ಆ ಚಿತ್ರದಲ್ಲಿ ಡೊಂಕು ಎಲ್ಲೂ ಇರಲಿಲ್ಲ, ನಾನೂ ಕುಡಿದಿರಲಿಲ್ಲ.

ಕೋಡ್ ಹುಡುಗ:

ಇದು ಸಿಂಪಲ್. ಇವೆಲ್ಲ ಫಿಶ್‌ಐ ಲೆನ್ಸ್, ಒಂದೊಂದೂ ಸುಮಾರು 180 ಡಿಗ್ರಿ ನೋಡುತ್ತದೆ. ಅಷ್ಟು ಅಗಲ ನೋಡುವ ಲೆನ್ಸ್‌ನಲ್ಲಿ ನೇರ ಗೆರೆ ಬಿಲ್ಲಿನ ಹಾಗೆ ಬಾಗುತ್ತದೆ, ಅದೇ ಡಿಸ್ಟಾರ್ಷನ್. ಆದ್ದರಿಂದ ‘ಡೊಂಕು’ ಸರಿಯಾಗಿಯೇ ಇದೆ ಮೇಡಂ. ಈಗಿನ ಕಾರುಗಳಲ್ಲಿ ಸಾಫ್ಟ್‌ವೇರ್ ಅದನ್ನು ಪೂರ್ತಿ ನೆಟ್ಟಗೆ ಮಾಡುತ್ತದೆ, ಹಾಗಾಗಿ ನಿಮ್ಮ ತಮ್ಮನಿಗೆ ಕಾಣಿಸಿಲ್ಲ. ಡ್ರೈವರ್ ಅಣ್ಣನ ಕಾರಿನಲ್ಲಿ ಸೆಟ್ಟಿಂಗ್ ಕೆಟ್ಟಿರಬೇಕು. ಒಂದೇ ರೂಲ್ ನೆನಪಿಟ್ಟುಕೊಂಡರೆ ಸಾಕು, ಈ ಕ್ಯಾಮೆರಾದಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ.

ಚೌಕಳಿ ಹಾಸುವವ:

ನಾನು ವರ್ಕ್‌ಶಾಪಿನಲ್ಲಿ ಈ ಕ್ಯಾಮೆರಾಗಳ ಕ್ಯಾಲಿಬ್ರೇಷನ್ ಮಾಡುತ್ತೇನೆ. ಕಾರಿನ ಸುತ್ತ ಕಪ್ಪು ಬಿಳಿ ಚೌಕಳಿಯ ಚಾಪೆ ಹಾಸಿ ಅಳತೆ ಹೊಂದಿಸುವ ಕೆಲಸ. ಅದಕ್ಕೇ ಈ ಹೆಸರು.

ಹುಡುಗ ಹೇಳಿದ್ದು ಅರ್ಧ ಸರಿ. ಲೆನ್ಸಿನ ಬಾಗು ಇರುವುದು ನಿಜ. ಅದನ್ನು ಮೊದಲ ಹೆಜ್ಜೆಯಲ್ಲೇ ನೆಟ್ಟಗೆ ಮಾಡುತ್ತಾರೆ, ಅದಕ್ಕೆ ‘ಡೊಂಕು’ ಅನ್ನಿ, ನನ್ನ ತಕರಾರಿಲ್ಲ. ಡ್ರೈವರ್ ಸಾಹೇಬರಿಗೆ ಏಟು ಬಿದ್ದದ್ದು ಎರಡನೆಯ ಹೆಜ್ಜೆಯಲ್ಲಿ. ಅವರ ಕಾರಿನ ಸೆಟ್ಟಿಂಗ್ ಕೆಟ್ಟಿರಬೇಕಾಗಿಲ್ಲ, ಎಲ್ಲ ಸರಿಯಿದ್ದರೂ ಹೀಗೇ ಆಗುತ್ತದೆ.

ಒಂದೊಂದು ಕ್ಯಾಮೆರಾದಲ್ಲೂ ಚಿತ್ರ ಓರೆಯಾಗಿ ಬರುತ್ತದೆ. ಅದನ್ನು ಮೇಲಿನಿಂದ ನೋಡಿದ ಹಾಗೆ ಮಾಡಬೇಕಾದರೆ, ಚಿತ್ರದ ಪ್ರತಿ ಚುಕ್ಕಿ ನೆಲದಲ್ಲಿ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿ ಅಲ್ಲಿ ಹರಡಬೇಕು. ಆ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ. ಕಂಡದ್ದೆಲ್ಲ ಸಪಾಟಾದ ನೆಲದ ಮೇಲೇ ಇದೆ, ಯಾವುದಕ್ಕೂ ಎತ್ತರ ಇಲ್ಲ ಅಂತ. ನೆಲದ ಮೇಲೆ ಬಳಿದ ಗೆರೆಗೆ ಈ ನಂಬಿಕೆ ಸರಿ, ಅದಕ್ಕೇ ಅಕ್ಕನ ತಮ್ಮನಿಗೆ ಗೆರೆ ನೆಟ್ಟಗೆ ಕಂಡಿತು. ಎತ್ತರ ಇರುವ ವಸ್ತುವಿಗೆ ಏನಾಗುತ್ತದೆ ಗೊತ್ತಾಗಬೇಕಾದರೆ ಕ್ಯಾಮೆರಾ ಜಾಗದಲ್ಲಿ ಒಂದು ಬಲ್ಬ್ ಇದೆ ಅಂದುಕೊಳ್ಳಿ. ವಸ್ತುವಿನ ನೆರಳು ನೆಲದಲ್ಲಿ ಎಲ್ಲಿ ಬೀಳುತ್ತದೋ, ಪರದೆ ಆ ವಸ್ತುವನ್ನು ಅಲ್ಲಿ ತೋರಿಸುತ್ತದೆ.

ಆ ಹಲಗೆಯ ಲೆಕ್ಕ ಮಾಡೋಣ. ಹಿಂದಿನ ಕ್ಯಾಮೆರಾ ನೆಲದಿಂದ 90 ಸೆಂ.ಮೀ. ಎತ್ತರ, ಹಲಗೆ 70 ಸೆಂ.ಮೀ. ಎತ್ತರ, ಅದರ ತುದಿ ಕ್ಯಾಮೆರಾದಿಂದ 40 ಸೆಂ.ಮೀ. ದೂರ ಅಂತ ಇಟ್ಟುಕೊಳ್ಳಿ. ಕ್ಯಾಮೆರಾದಿಂದ ಹಲಗೆ ತುದಿಗೆ ಗೆರೆ ಎಳೆದರೆ, 40 ಸೆಂ.ಮೀ. ಸಾಗುವಷ್ಟರಲ್ಲಿ ಅದು 20 ಸೆಂ.ಮೀ. ಇಳಿದಿರುತ್ತದೆ. ಅದೇ ಇಳಿಜಾರಿನಲ್ಲಿ ಪೂರ್ತಿ 90 ಇಳಿದು ನೆಲ ಮುಟ್ಟಬೇಕಾದರೆ 180 ಸೆಂ.ಮೀ. ಹೋಗಬೇಕು. ಪರದೆಯಲ್ಲಿ ಹಲಗೆ ಶುರುವಾಗುವುದು ಅಲ್ಲಿ. ಅದಕ್ಕಿಂತ ಈಚೆ ಕಾಣುವ ಕಲ್ಲು ಕಸ ಸುಳ್ಳಲ್ಲ, ಹಲಗೆಯ ಅಡಿಯಿಂದ ನಿಜವಾದ ನೆಲವೇ ಕಾಣುತ್ತಿದೆ. ಹಲಗೆ ಕ್ಯಾಮೆರಾಗಿಂತ ಎತ್ತರದಲ್ಲಿದ್ದಿದ್ದರೆ ಕಥೆ ಇನ್ನೂ ಕೆಟ್ಟದ್ದು. ಬಲ್ಬಿಗಿಂತ ಮೇಲಿರುವುದರ ನೆರಳು ನೆಲಕ್ಕೆ ಬೀಳುವುದೇ ಇಲ್ಲ, ಮೇಲ್ನೋಟದ ಚಿತ್ರದಲ್ಲಿ ಅದು ಬರುವುದೂ ಇಲ್ಲ. ಲಾರಿಯ ಹಿಂದೆ ಚಾಚಿಕೊಂಡ ಕಬ್ಬಿಣದ ಸರಳು ಅಂಥದ್ದು.

ನೆಲಕ್ಕೆ ತಾಗಿದ ಭಾಗ ಮಾತ್ರ ಸರಿಯಾದ ಜಾಗದಲ್ಲಿ ಇರುತ್ತದೆ. ಆಟೋದ ಚಕ್ರ ನೆಲ ಮುಟ್ಟಿದ ಜಾಗ ಸರಿ, ಕಂಬದ ಬುಡ ಸರಿ. ಬುಡದಿಂದ ಮೇಲಿನದ್ದೆಲ್ಲ ಕ್ಯಾಮೆರಾದಿಂದ ಆಚೆಗೆ ಮಲಗಿದ ಹಾಗೆ ಕಾಣುತ್ತದೆ. ಅದಕ್ಕೆ ಅಕ್ಕ, ಇಲ್ಲಿ ‘ಡೊಂಕು’ ಬೇಡ. ಓದಿದವರು ಬಾಗಿದ ಗೆರೆ ಹುಡುಕುತ್ತಾರೆ, ಅದು ಸಿಗುವುದಿಲ್ಲ, ಚಿತ್ರ ಸರಿಯಾಗಿದೆ ಅಂತ ನಂಬಿಬಿಡುತ್ತಾರೆ. ವರ್ಕ್‌ಶಾಪಿನಲ್ಲಿ ನಾವು ‘ಮಲಗಿಸುತ್ತದೆ’ ಅನ್ನುತ್ತೇವೆ. ಪಕ್ಕದ ಕಂಬವನ್ನು ಮಲಗಿಸಿಬಿಟ್ಟಿದೆ ನೋಡು, ಅಂತ.

ಕೋಡ್ ಹುಡುಗ:

ಓಹ್, ನೆಲದ ಲೆಕ್ಕ ನಾನು ಮರೆತೇಬಿಟ್ಟಿದ್ದೆ. ಆದರೂ ‘ಎಲ್ಲವೂ ದೂರ ಕಾಣುತ್ತದೆ’ ಎಂಬ ನನ್ನ ರೂಲ್ ಉಳಿಯಿತು ಅಲ್ವಾ?

ಚೌಕಳಿ ಹಾಸುವವ:

ಹಿಂದೆ ಮುಂದೆ ಉಳಿಯುತ್ತದೆ, ಪಕ್ಕದಲ್ಲಿ ಇಲ್ಲ. ವಸ್ತು ಮಲಗುವುದು ಕ್ಯಾಮೆರಾದಿಂದ ಆಚೆಗೆ, ಕಾರಿನಿಂದ ಆಚೆಗೆ ಅಂತ ಲೆಕ್ಕ ಇಲ್ಲ. ಪಕ್ಕದ ಕನ್ನಡಿ ಬಾಡಿಯಿಂದ ಹೆಚ್ಚುಕಡಿಮೆ ಒಂದು ಗೇಣು ಹೊರಗಿರುತ್ತದೆ, ಕ್ಯಾಮೆರಾ ಅದರ ಕೆಳಗೆ ನೇತಾಡುತ್ತದೆ. ಆ ಗೇಣಿನೊಳಗೆ, ಅಂದರೆ ಕ್ಯಾಮೆರಾ ಮತ್ತು ಬಾಗಿಲಿನ ನಡುವೆ, ಗೇಟಿನ ಗಿಡ್ಡ ಕಲ್ಲು ಬಂದರೆ ಅದು ಕಾರಿನ ಕಡೆಗೇ ಮಲಗುತ್ತದೆ. ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ನಡುವಿನ ಕಾರಿನ ಚಿತ್ರದ ಅಡಿಗೆ ಹೋಗಿ ಮುಚ್ಚಿಕೊಳ್ಳಲೂಬಹುದು.

ನಿವೃತ್ತ ಮೇಷ್ಟ್ರು:

ಈಗ ಅರ್ಥವಾಯಿತು, ಹಾರುವ ಯಂತ್ರದ ಮಾತು ವಾಪಸ್ ತೆಗೆದುಕೊಂಡೆ. ಆದರೆ ‘ಹೊಲಿಗೆ’ ನನಗೆ ಒಗ್ಗುತ್ತಿಲ್ಲ. ಸೂಜಿಯಿಲ್ಲ, ದಾರವಿಲ್ಲ. ‘ಬೆಸುಗೆ’ ಅನ್ನಿ, ‘ಜೋಡಣೆ’ ಅನ್ನಿ.

ಚೌಕಳಿ ಹಾಸುವವ:

ಸಾರ್, ಹೊಲಿಗೆಯೇ ಇರಲಿ ಅನ್ನಿಸುತ್ತದೆ. ಬೆಸುಗೆಯಲ್ಲಿ ಅಂಚಿಗೆ ಅಂಚು ತಾಗುತ್ತದೆ, ಏನೂ ಕಳೆಯುವುದಿಲ್ಲ. ಟೈಲರ್ ಎರಡು ತುಂಡು ಸೇರಿಸುವಾಗ ಎರಡರಲ್ಲೂ ಸ್ವಲ್ಪ ಬಟ್ಟೆ ಒಳಗೆ ಹೋಗುತ್ತದೆ ನೋಡಿ, ಇಲ್ಲೂ ಹಾಗೇ. ಕಾರಿನ ನಾಲ್ಕು ಮೂಲೆಯಲ್ಲಿ ಎರಡೆರಡು ಕ್ಯಾಮೆರಾ ಒಂದೇ ನೆಲವನ್ನು ನೋಡುತ್ತವೆ. ಮೂಲೆಯಿಂದ ಓರೆಯಾಗಿ ಒಂದು ಗೆರೆ ಹಾಕಿಕೊಂಡು, ಅದರ ಮುಂದಿನ ಪಾಲಿಗೆ ಮುಂದಿನ ಕ್ಯಾಮೆರಾದ ಚಿತ್ರ, ಪಕ್ಕದ ಪಾಲಿಗೆ ಕನ್ನಡಿ ಕ್ಯಾಮೆರಾದ ಚಿತ್ರ ಇಟ್ಟು, ಉಳಿದದ್ದನ್ನು ಕತ್ತರಿಸಿ ಹಾಕುತ್ತಾರೆ.

ಆ ಗೆರೆಯ ಮೇಲೆ ಒಂದು ಸರಪಳಿ ನೇತಾಡುತ್ತಿದೆ ಅನ್ನಿ, ಪಾರ್ಕಿಂಗಿಗೆ ಅಡ್ಡ ಕಟ್ಟಿರುತ್ತಾರಲ್ಲ, ಅಂಥದ್ದು, ಮೊಣಕಾಲೆತ್ತರ. ಮುಂದಿನ ಕ್ಯಾಮೆರಾ ಅದನ್ನು ಪಕ್ಕಕ್ಕೆ ಮಲಗಿಸುತ್ತದೆ, ಅಂದರೆ ಗೆರೆ ದಾಟಿ ಕನ್ನಡಿ ಕ್ಯಾಮೆರಾದ ಪಾಲಿಗೆ. ಅಲ್ಲಿ ಮುಂದಿನ ಕ್ಯಾಮೆರಾದ ಚಿತ್ರಕ್ಕೆ ಬೆಲೆಯಿಲ್ಲ, ಕತ್ತರಿಗೆ ಹೋಯಿತು. ಕನ್ನಡಿ ಕ್ಯಾಮೆರಾ ಅದನ್ನು ಮುಂದಕ್ಕೆ ಮಲಗಿಸುತ್ತದೆ, ಮುಂದಿನ ಪಾಲಿಗೆ. ಅದೂ ಕತ್ತರಿಗೆ. ಎರಡೂ ಕ್ಯಾಮೆರಾ ಸರಪಳಿಯನ್ನು ಕಂಡಿವೆ, ಹೊಲಿದ ಚಿತ್ರದಲ್ಲಿ ಮಾತ್ರ ಆ ಜಾಗದ ಸರಪಳಿ ಇಲ್ಲ. ಕೆಲವು ಕಾರುಗಳಲ್ಲಿ ಗೆರೆಯ ಬದಲು ಒಂದು ಪಟ್ಟಿಯಲ್ಲಿ ಎರಡೂ ಚಿತ್ರ ಬೆರೆಸುತ್ತಾರೆ. ಅಲ್ಲಿ ಅದೇ ಸರಪಳಿ ಎರಡು ಕಡೆ ಮಸುಕು ಮಸುಕಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ಎರಡು ಕಾಣುವುದೇ ವಾಸಿ, ಏನೋ ಇದೆ ಅಂತಾದರೂ ತಿಳಿಯುತ್ತದೆ.

ಹುಬ್ಬಳ್ಳಿ ಡ್ರೈವರ್:

ಇದನ್ನು ನಾನೂ ನೋಡೀನಿ. ಮಗ ಕಾರಿನ ಸುತ್ತ ಓಡುವಾಗ ಮೂಲೆಗೆ ಬಂದಾಗ ಕಾಲು ಮಾತ್ರ ಕಾಣುತ್ತಿತ್ತು, ಮೈ ಇಲ್ಲ. ಇನ್ನೊಂದು ಕೇಳಬೇಕು. ಏಳು ಜನ ಕೂತು, ಹಿಂದೆ ಲಗೇಜು ತುಂಬಿದ ದಿನ ಪಾರ್ಕಿಂಗ್ ಗೆರೆ ಮೂಲೆಯಲ್ಲಿ ತುಂಡಾಗಿ ಸ್ವಲ್ಪ ಆಚೀಚೆ ಕಾಣುತ್ತದೆ. ಜನ ಇಳಿದ ಮೇಲೆ ಮತ್ತೆ ಕೂಡುತ್ತದೆ. ಅದು ಕೆಟ್ಟಿದ್ದಾ?

ಚೌಕಳಿ ಹಾಸುವವ:

ಕೆಟ್ಟಿಲ್ಲ. ನಾವು ಚೌಕಳಿ ಹಾಸಿ ಅಳೆದಾಗ ಕಾರು ಖಾಲಿ ಇತ್ತು. ಭಾರಕ್ಕೆ ಹಿಂಭಾಗ ಕುಸಿದರೆ ಕ್ಯಾಮೆರಾದ ಎತ್ತರ, ಓರೆ ಎರಡೂ ಬದಲಾಗುತ್ತವೆ, ಲೆಕ್ಕಕ್ಕೆ ಅದು ಗೊತ್ತಿಲ್ಲ. ಬಾಗಿಲು ತೆರೆದರೆ ಕನ್ನಡಿ ಕ್ಯಾಮೆರಾವೂ ಬಾಗಿಲ ಜೊತೆ ತಿರುಗುತ್ತದೆ, ಆಗಿನ ಚಿತ್ರ ನಂಬಲೇಬೇಡಿ. ಕಾರು ಖಾಲಿ ಇದ್ದು, ಬಾಗಿಲು ಮುಚ್ಚಿ, ಸಪಾಟು ನೆಲದಲ್ಲೂ ಗೆರೆ ತುಂಡಾಗಿ ಕಂಡರೆ ವರ್ಕ್‌ಶಾಪಿಗೆ ತನ್ನಿ. ಕನ್ನಡಿ ಬದಲಿಸಿದ ಮೇಲೆ ಅಳತೆ ಹೊಂದಿಸದೇ ಬಿಟ್ಟ ಕಾರುಗಳು ಹೀಗೇ ಬರುತ್ತವೆ.

ಕೈಪಿಡಿ ಅಕ್ಕ:

ಎಲ್ಲರಿಗೂ ಧನ್ಯವಾದ. ಈಗ ಹೀಗೆ ಬರೆದಿದ್ದೇನೆ, ಓದಿ ಬೈಯಿರಿ: “ಈ ಚಿತ್ರದಲ್ಲಿ ನೆಲಕ್ಕೆ ತಾಗಿದ ಭಾಗ ಮಾತ್ರ ಸರಿಯಾದ ಜಾಗದಲ್ಲಿ ಕಾಣುತ್ತದೆ. ನೆಲದಿಂದ ಮೇಲಿರುವ ಭಾಗ ಕ್ಯಾಮೆರಾದಿಂದ ಆಚೆಗೆ ಮಲಗಿದಂತೆ ಕಾಣುತ್ತದೆ. ಚಾಚಿಕೊಂಡ ವಸ್ತು ಕಾಣುವುದಕ್ಕಿಂತ ಹತ್ತಿರ ಇರಬಹುದು. ಮೂಲೆಗಳ ಹೊಲಿಗೆಯಲ್ಲಿ ವಸ್ತು ಕಾಣದೇ ಹೋಗಬಹುದು.” ಡಿಸ್ಟಾರ್ಷನ್ ಎಂಬ ಪದಕ್ಕೆ ಪದ ಹಾಕುವುದನ್ನೇ ಬಿಟ್ಟೆ.

ನಿವೃತ್ತ ಮೇಷ್ಟ್ರು:

‘ಮಲಗಿದಂತೆ’ ಗ್ರಾಮ್ಯವಾಯಿತು. ಅವರದೇ ಉಪಮೆಯಿಂದ ‘ನೆರಳಿನಂತೆ ಚಾಚಿ’ ಎನ್ನಬಹುದಲ್ಲ?

ಕೈಪಿಡಿ ಅಕ್ಕ:

ನನಗೂ ಆಸೆಯಾಯಿತು ಮೇಷ್ಟ್ರೇ. ಆದರೆ ಅದೇ ಪುಟದ ಮುಂದಿನ ಸಾಲಿನಲ್ಲಿ ನಿಜವಾದ ನೆರಳು ಬರುತ್ತದೆ, ಒಂದು ಕಡೆ ಬಿಸಿಲು, ಒಂದು ಕಡೆ ಮರದ ನೆರಳು ಇದ್ದರೆ ನಾಲ್ಕು ಚಿತ್ರಗಳ ಬೆಳಕು ಹೊಂದುವುದಿಲ್ಲ ಅಂತ. ಎರಡು ನೆರಳು ಒಂದೇ ಪುಟದಲ್ಲಿ ಹೇಗೆ ಇಡಲಿ? ಸೋಮವಾರದವರೆಗೆ ಸಮಯ ಇದೆ, ಯಾರಿಗಾದರೂ ಬೇರೆ ಮಾತು ಹೊಳೆದರೆ ಹೇಳಿ.