ಮಿಕ್ಸ್ಚರ್ ಪ್ಯಾಕೆಟ್ಟೂ ಹಪ್ಪಳದ ಡಬ್ಬಿಯೂ

ಸುಧತ್ತೆ: [ಫೋಟೊ] ನೋಡ್ರೋ, ಹೈ ಪ್ರೋಟೀನ್ ಮಿಕ್ಸ್ಚರ್! ನಾನು ಹೇಳಿದಾಗ ಎಲ್ರೂ ನಕ್ಕಿದ್ರಿ. 6 ಪ್ಯಾಕೆಟ್ ತರಿಸಿದೀನಿ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಪ್ರೋಟೀನ್ ಅನ್ನೋ ಮಾತೇ ಇರಲಿಲ್ಲ. ಮುದ್ದೆ, ಹುರುಳಿಸಾರು. 78 ವರ್ಷ, ಮಂಡಿ ನೋವಿಲ್ಲ.

ಕಾರ್ತಿಕ: ಅತ್ತೆ, ಹಿಂಬದಿ ಫೋಟೊ ಹಾಕಿ.

ಸುಧತ್ತೆ: ಶುರುವಾಯ್ತು ಇವನದು. [ಫೋಟೊ]

ಚೇತನ: ಅಜ್ಜಿ ಮನೆ ಅಟ್ಟದ ಮೇಲೆ ಚಕ್ಕುಲಿ ಡಬ್ಬಿ ನೆನಪಿದ್ಯಾ? ಏಣಿಯಿಂದ ಬಿದ್ದಿದ್ದು ನಾನು, ಪೆಟ್ಟು ತಿಂದಿದ್ದು ಕಾರ್ತಿಕ 😂

ಕಾರ್ತಿಕ: 100 ಗ್ರಾಂಗೆ 520 ಕ್ಯಾಲೊರಿ, ಪ್ರೋಟೀನ್ 14 ಗ್ರಾಂ, ಕೊಬ್ಬು 30. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಅಂದ್ರೆ 56. 520ರಲ್ಲಿ 56, ಸುಮಾರು 11%. ಕೊಬ್ಬಿಗೆ ಗ್ರಾಂಗೆ 9, ಅಂದ್ರೆ 270. ಅರ್ಧಕ್ಕಿಂತ ಜಾಸ್ತಿ ಶಕ್ತಿ ಕೊಬ್ಬಿಂದಾನೇ ಬರ್ತಿದೆ ಅತ್ತೆ.

ನಯನಾ (ಡಬ್ಲಿನ್): ಇಲ್ಲಿ ಯುರೋಪ್ ಒಕ್ಕೂಟದ ನಿಯಮ. ಶಕ್ತಿಯಲ್ಲಿ 20% ಪ್ರೋಟೀನಿಂದ ಬಂದ್ರೆ ಮಾತ್ರ ಹೈ ಅಂತ ಬರೀಬಹುದು.

ದೊಡ್ಡಪ್ಪ: ಅಲ್ಲಿಯ ಕಾನೂನು ಇಲ್ಲಿಗ್ಯಾಕಮ್ಮ?

ಸುಧತ್ತೆ: ಹಾಗ್ ಕೇಳಿ ಭಾವ. ಸುಳ್ಳು ಬರೆದಿದ್ರೆ ಸರ್ಕಾರ ಬಿಡ್ತಿತ್ತಾ?

ಕಾರ್ತಿಕ: ಸುಳ್ಳು ಅಂತ ನಾನು ಹೇಳಲೇ ಇಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೆಕ್ಕದಲ್ಲಿ, ಗಟ್ಟಿ ತಿನಿಸಾದ್ರೆ 100 ಗ್ರಾಂನಲ್ಲಿ ದಿನದ ಅಗತ್ಯದ 20% ಇದ್ರೆ ಸಾಕು. 54 ಗ್ರಾಂ ಅಗತ್ಯ ಅಂತ ಹಿಡಿದ್ರೆ 10.8. ಇದರಲ್ಲಿ 14 ಇದೆ, ಪಾಸ್. ಆದ್ರೆ ಆ 14 ಗ್ರಾಂಗೋಸ್ಕರ 520 ಕ್ಯಾಲೊರಿ ತಿನ್ನಬೇಕು. ಹುರಿಗಡಲೆ ಆದ್ರೆ 370ರ ಹತ್ತಿರ, ಪ್ರೋಟೀನ್ 20 ದಾಟುತ್ತೆ.

ಸುಧತ್ತೆ: ಪಾಸ್ ಅಂತ ಅವನೇ ಒಪ್ಪಿಕೊಂಡ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ.

ರಘು ಮಾವ: ಕಾರ್ತಿಕ, ಶೇಕಡಾ ಒಂದನ್ನೇ ನಂಬಬೇಡ. ಪಾಲಕ್ ಸೊಪ್ಪಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಪ್ರೋಟೀನೇ. ಆದ್ರೆ 100 ಗ್ರಾಂ ತಿಂದ್ರೂ ಸಿಗೋದು 3 ಗ್ರಾಂ ಒಳಗೆ. ಕಡಲೆಕಾಯಲ್ಲಿ 25 ಗ್ರಾಂ ಇದ್ರೂ ಎಣ್ಣೆ ಜಾಸ್ತಿ, ಅದಕ್ಕೇ ನಯನಾ ಹೇಳಿದ 20% ಮುಟ್ಟಲ್ಲ.

ಕಾರ್ತಿಕ: ಒಪ್ಪಿದೆ ಮಾವ. ಎರಡೂ ನೋಡಬೇಕು. ಈ ಪ್ಯಾಕೆಟ್ಟು 30 ಗ್ರಾಂದು, ಪ್ರೋಟೀನ್ ಬರೀ 4.2.

ಸುಧತ್ತೆ: ರಘು, ನನ್ನ ಉಪ್ಪಿನಕಾಯಲ್ಲಿ ಎಣ್ಣೆ ಜಾಸ್ತಿ ಅಂತ ಮದುವೆ ಮನೇಲಿ ಹೇಳಿದ್ದೂ ನೀನೇ ಅಲ್ವಾ?

ರಘು ಮಾವ: 2009ರ ಮಾತು ಅದು ಅಕ್ಕ!

ದೊಡ್ಡಪ್ಪ: ಹಿರಿಯರ ಮುಂದೆ ಲೆಕ್ಕ ಹಾಕೋದೂ ಒಂದು ಅಹಂಕಾರ.

ಚೇತನ: ಅತ್ತೆ, 6ರಲ್ಲಿ ಒಂದು ನನಗೆ ಇಡಿ. ಪ್ರೋಟೀನ್ ಬೇಡ, ಖಾರ ಸಾಕು.

ಸುಧತ್ತೆ: ಮೊದಲು ನನ್ನ ಹಪ್ಪಳದ ಸ್ಟೀಲ್ ಡಬ್ಬಿ ವಾಪಸ್ ತಾ. ಯುಗಾದಿಗೆ ತಗೊಂಡು ಹೋಗಿದ್ದು.

(ಚೇತನ ಗುಂಪನ್ನು ತೊರೆದಿದ್ದಾರೆ)