ಸಹಾಯ ಬೇಕು: ಹಳೆಯ ಕ್ಯಾಮೆರಾದ ಸೆನ್ಸರ್ ಮೇಲೆ ಎಳೆಯಂಥ ಗುರುತು

ತೀರ್ಥಹಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ತಮ್ಮ ನಿಕಾನ್ ಡಿ7200 ಮಾರುತ್ತಿದ್ದಾರೆ. ಶಟರ್ ಎಣಿಕೆ 92,000. ಈ ಮಾದರಿಯ ಶಟರ್ ಅನ್ನು 1,50,000 ಬಾರಿ ಪರೀಕ್ಷಿಸಿರುವುದರಿಂದ ಅದು ನನ್ನನ್ನು ಹೆದರಿಸಲಿಲ್ಲ.

ಚಿಂತೆ ಸೆನ್ಸರ್‌ನದು. f/16 ಇಟ್ಟು ಬಿಳಿ ಮೋಡದ ಫೋಟೋ ತೆಗೆದೆ. ಮೂರು ಕಲೆ ಕಂಡವು. ಗಾಳಿಯ ಬಲ್ಬ್‌ನಿಂದ ಊದಿದಾಗ ಎರಡು ಹೋದವು. ಕೂದಲೆಳೆಯಂತೆ ಕವಲೊಡೆದ ಮೂರನೆಯದು ಕದಲಲಿಲ್ಲ. ಲೆನ್ಸ್ ಬದಲಿಸಿದರೂ ಅದೇ ಮೂಲೆಯಲ್ಲಿದೆ, ಹಾಗಾಗಿ ದೋಷ ಲೆನ್ಸಿನದಲ್ಲ. f/4ರಲ್ಲಿ ಮಾತ್ರ ಕಾಣುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕ್ಯಾಮೆರಾ ಚೀಲದೊಳಗೇ ಇತ್ತಂತೆ. ಬೂಷ್ಟು ಎಂದೇ ನನ್ನ ಅನುಮಾನ.

ಮೌಂಟ್‌ನ ಒಂದು ತಿರುಪಿನ ತಲೆಯೂ ಸವೆದಿದೆ, ಲೆನ್ಸ್ ತುಸು ಅಲುಗುತ್ತದೆ. ಯಾರೋ ಬಿಚ್ಚಿರಬೇಕು.

ಇಂಥ ಎಳೆ ದ್ರವ ಹಾಕಿ ಒರೆಸಿದರೆ ಹೋಗುತ್ತದೆಯೇ, ಗಾಜಿನ ಲೇಪನವನ್ನೇ ತಿಂದಿರುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ. ಭಾನುವಾರ ಶಿವಮೊಗ್ಗಕ್ಕೆ ಕ್ಯಾಮೆರಾ ತರಿಸುತ್ತೇನೆ, ಯಾರಾದರೂ ಒಮ್ಮೆ ನೋಡಿಕೊಡುವಿರಾ?