ಪದ ಬೇಕು: ಆವರಣದ ಹೆಸರು-ಇಸವಿಗೆ ಒಂದು, ಕೊನೆಯ ಪಟ್ಟಿಗೆ ಒಂದು

ಸುಮಾ, ಮಲ್ಲೇಶ್ವರಂ:
ಎಲ್ಲರಿಗೂ ನಮಸ್ಕಾರ. ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಕ್ಕೆ ಎಪಿಎ ಶೈಲಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಾಕ್ಯದ ಕೊನೆಗೆ ಆವರಣದಲ್ಲಿ ಹೆಸರು, ಇಸವಿ ಹಾಕುತ್ತೇವಲ್ಲ, ಅದಕ್ಕೆ ಏನನ್ನಲಿ? ಕೊನೆಯ ಪಟ್ಟಿಗೆ ‘ಗ್ರಂಥಋಣ’ ಅಂತ ಹಾಕಿದ್ದೇನೆ. ಸಂಜೆ ಐದಕ್ಕೆ ಡಿಟಿಪಿಯವರಿಗೆ ಕೊಡಬೇಕು.

ನರಹರಿ, ಬಸವನಗುಡಿ:
ತಪ್ಪು. ದೇವ, ಋಷಿ ಸೇರಿ ದೇವರ್ಷಿ ಆದ ಹಾಗೆ ಇದು ‘ಗ್ರಂಥರ್ಣ’ ಆಗಬೇಕು. ಸಂಧಿ ಮಾಡದೆ ಅಂಟಿಸಿದ ಪದ ಬೇಡ.

ಮಂಜು:
ಗ್ರಂಥರ್ಣ ಅಂದರೆ ಯಾರಿಗೆ ತಿಳಿಯುತ್ತೆ ಸಾರ್? ಸುಮ್ನೆ ‘ರೆಫರೆನ್ಸ್’ ಅನ್ನಿ. ಎರಡಕ್ಕೂ ಅದೇ ಸಾಕು.

ವಸುಧಾ:
ಸಂಧಿ ಹಾಗಿರಲಿ, ಅರ್ಥವೇ ಹೊಂದುವುದಿಲ್ಲ. ಋಣ ಅಂದ ಕೂಡಲೇ ಹುಡುಗರು ಓದಿದ್ದನ್ನೆಲ್ಲ ಪಟ್ಟಿಗೆ ತುಂಬುತ್ತಾರೆ. ಎಪಿಎಯಲ್ಲಿ ಬರಹದೊಳಗೆ ಹೆಸರಿಸಿದ್ದಷ್ಟೇ ಪಟ್ಟಿಗೆ ಬರಬೇಕು. ಖಾಸಗಿ ಪತ್ರ, ಫೋನಿನ ಮಾತು ಆವರಣದಲ್ಲೇ ಉಳಿಯುತ್ತವೆ. ಅದಕ್ಕೇ ‘ಉಲ್ಲೇಖ’, ‘ಉಲ್ಲೇಖಪಟ್ಟಿ’ ಅನ್ನಿ. ಎರಡೂ ಜೋಡಿ ಅಂತ ಪದವೇ ಹೇಳುತ್ತೆ.

ನಮ್ಮಲ್ಲಿ ಜೋಡಿ ತಪ್ಪುವುದು ಜಾಸ್ತಿ ಹೆಸರಲ್ಲೇ. ಒಂದು ಪ್ರಬಂಧದಲ್ಲಿ (ಕುವೆಂಪು, 1967) ಅಂತಿತ್ತು. ಪಟ್ಟಿಯ ‘ಕ’ದಲ್ಲಿ ಹುಡುಕಿದೆ, ಇಲ್ಲ. ‘ಪ’ದಲ್ಲಿ ಸಿಕ್ಕಿತು: ‘ಪುಟ್ಟಪ್ಪ, ಕೆ. ವಿ. (2012)’. ಒಳಗೆ ಪುಸ್ತಕ ಮೊದಲು ಬಂದ ಇಸವಿ, ಪಟ್ಟಿಯಲ್ಲಿ ಅವನ ಕೈಲಿದ್ದ ಮರುಪ್ರಕಟಣೆಯ ಇಸವಿ. ಪಾಪ, ಕದ್ದಿರಲಿಲ್ಲ. ಆದರೆ ನೋಡಿದವರಿಗೆ ಆಕರ ಹೇಳದೆ ಬಿಟ್ಟ ಹಾಗೇ ಕಾಣುತ್ತೆ. ಪುಸ್ತಕದ ಮೇಲೆ ಕುವೆಂಪು ಅಂತಿದ್ದರೆ ಎರಡೂ ಕಡೆ ಕುವೆಂಪು. ಒಳಗೆ (ಕುವೆಂಪು, 1967/2012), ಪಟ್ಟಿಯಲ್ಲಿ 2012, ನಮೂದಿನ ಕೊನೆಗೆ ‘ಮೊದಲ ಪ್ರಕಟಣೆ 1967’. ಪಟ್ಟಿಯನ್ನು ಪ್ರಿಂಟ್ ತೆಗೆದು, ಒಂದೊಂದು ಆವರಣ ಸಿಕ್ಕಾಗಲೂ ಅದರಲ್ಲಿ ಗೀಟು ಹಾಕುತ್ತ ಹೋಗಲು ಹೇಳಿ. ಗೀಟು ಬೀಳದ ನಮೂದು, ನಮೂದಿಲ್ಲದ ಆವರಣ ಎರಡೂ ಅಲ್ಲೇ ಸಿಗುತ್ತವೆ.

ಶಾರದಾ:
ನಮ್ಮ ಪಿಎಚ್.ಡಿ. ಕಾಲದಲ್ಲಿ ಅಡಿಟಿಪ್ಪಣಿ. ಹಿಂದಿನ ಪುಸ್ತಕವೇ ಮತ್ತೆ ಬಂದರೆ ‘ಅದೇ, ಪು. 42’ ಅಂತ ಬರೆದರಾಯ್ತು. ಕಡೇ ಗಳಿಗೆಯಲ್ಲಿ ನಡುವೆ ಒಂದು ಟಿಪ್ಪಣಿ ಸೇರಿಸಿದೆ ನೋಡಿ, ಅದರ ಕೆಳಗಿನ ನಾಲ್ಕು ‘ಅದೇ’ಗಳೂ ಬೇರೆ ಪುಸ್ತಕದ ಪಾಲಾದವು! ಸುಮಾ, ಕೈಪಿಡಿಯಲ್ಲಿ ‘ಅದೇ’ ಬಗ್ಗೆಯೂ ಹಾಕಮ್ಮ.

ವಸುಧಾ:
ಬೇಡ ಮೇಡಂ. ಎಪಿಎಯಲ್ಲಿ ‘ಅದೇ’ ಇಲ್ಲ. ಪ್ರತಿ ಸಲ ಹೆಸರು, ಇಸವಿ. ಎರಡು ಪದ್ಧತಿ ಬೆರೆಸಿದರೆ ಮತ್ತೆ ಅದೇ ಗೋಳು.

ನರಹರಿ:
ಉಲ್ಲೇಖ ಸಂಸ್ಕೃತ, ಪಟ್ಟಿ ಕನ್ನಡ. ಅರಿಸಮಾಸ. ಒಪ್ಪುವುದಿಲ್ಲ.

ಮಂಜು:
‘ಮುಖಬೆಲೆ’ಯೂ ಅರಿಸಮಾಸವೇ ಅಲ್ವಾ? ನೋಟು ತೊಗೊಳ್ಳೋದು ಬಿಟ್ಟಿದ್ದೀರಾ?

ನರಹರಿ:
ಒಂದು ತಪ್ಪಿಗೆ ಇನ್ನೊಂದು ತಪ್ಪು ಸಾಕ್ಷಿಯಲ್ಲ. ‘ರೆಫರೆನ್ಸ್’ ಅನ್ನುವವರಿಗೆ ಇದೆಲ್ಲ ಯಾಕೆ?

ಸುಮಾ:
ನಾಲ್ಕೂ ಮುಕ್ಕಾಲು. ‘ಉಲ್ಲೇಖಪಟ್ಟಿ’ ಅಂತಲೇ ಕೊಡುತ್ತಿದ್ದೇನೆ, ನರಹರಿ ಸಾರ್ ಕ್ಷಮಿಸಲಿ. ವಸುಧಾ ಅಕ್ಕ, ಮನೆತನದ ಹೆಸರೇ ಇಲ್ಲದೆ ಊರು, ತಂದೆಯ ಇನಿಷಿಯಲ್ ಮಾತ್ರ ಇರುವವರನ್ನು ಪಟ್ಟಿಯಲ್ಲಿ ಯಾವ ಅಕ್ಷರಕ್ಕೆ ಹಾಕಿಸುತ್ತೀರಿ? ನನ್ನ ಪಟ್ಟಿಯಲ್ಲೇ ಅಂಥವರು ಹನ್ನೊಂದು ಮಂದಿ ಇದ್ದಾರೆ.